mtr ನ ಮೊದಲ ಸಾಲಿನಲ್ಲಿ 47% ನಷ್ಟ ಕಾಣಿಸುತ್ತಿದೆ, ರೂಟರ್ ಬದಲಿಸಬೇಕೇ?

ನಿಧಾನಿ

ಕೆಲವು ವಾರಗಳಿಂದ ಸಂಜೆಯ ಹೊತ್ತು ವಿಡಿಯೊ ಕರೆಗಳಲ್ಲಿ ಧ್ವನಿ ತುಂಡಾಗುತ್ತಿದೆ. ಸೇವೆ ಕೊಡುವವರಿಗೆ ದೂರು ಕೊಟ್ಟಾಗ mtr ವರದಿ ಕಳುಹಿಸಲು ಹೇಳಿದರು. ಕಳುಹಿಸಿದೆ. "ಮೊದಲ ಹಾಪ್‌ನಲ್ಲಿಯೇ ಅರ್ಧದಷ್ಟು ನಷ್ಟವಿದೆ, ಅದು ನಿಮ್ಮ ರೂಟರ್, ಬದಲಿಸಿಕೊಳ್ಳಿ" ಎಂದು ಉತ್ತರಿಸಿ ದೂರನ್ನು ಮುಗಿಸಿಬಿಟ್ಟರು. ಬೇಗ ಮುಗಿಯಲಿ ಎಂದು ನಾನು ಅರ್ಧ ಸೆಕೆಂಡಿನ ಅಂತರ ಇಟ್ಟು ಓಡಿಸಿದ್ದೆ. ನಮ್ಮ ರೂಟರ್‌ನ ವಿಳಾಸವೊಂದನ್ನು ಬಿಟ್ಟು ಉಳಿದ ವಿಳಾಸಗಳನ್ನು ಬದಲಿಸಿದ್ದೇನೆ.

```
sudo mtr -n -r -c 200 -i 0.5 203.0.113.10

                     Loss%   Snt   Avg  Wrst
 1.|-- 192.168.1.1   47.0%   200   2.1  38.4
 2.|-- 10.20.0.1      2.5%   200   7.9  61.0
 3.|-- ???           100.0   200   0.0   0.0
 4.|-- 198.51.100.7   3.0%   200  12.6  70.3
 5.|-- 203.0.113.10   2.0%   200  13.1  66.8
```

ರೂಟರ್ ನಿಜವಾಗಿಯೂ ಅರ್ಧದಷ್ಟು ಪ್ಯಾಕೆಟ್‌ಗಳನ್ನು ಬಿಸಾಡುತ್ತಿದ್ದರೆ ಅಂತರ್ಜಾಲವೇ ನಡೆಯಬಾರದಲ್ಲವೇ ಎಂಬುದು ನನ್ನ ಅನುಮಾನ. ಆದರೆ ಎರಡನೆಯ ಸಾಲಿನಿಂದಾಚೆಗೂ ಎರಡು ಮೂರು ಶೇಕಡಾ ಉಳಿದಿರುವುದನ್ನು ಹೇಗೆ ಓದಬೇಕೆಂದು ತಿಳಿಯುತ್ತಿಲ್ಲ.

ಅಂಚೆಯಾಳು

ರೂಟರ್ ಬದಲಿಸಬೇಡಿ. ಮೊದಲ ಹಾಪ್‌ನ ನಷ್ಟ ಎಂದಿಗೂ ನಿಜವಲ್ಲ. ರೂಟರ್‌ಗಳು ಐಸಿಎಂಪಿ ಉತ್ತರಗಳಿಗೆ ಮಿತಿ ಹಾಕಿಕೊಂಡಿರುತ್ತವೆ, ಅಷ್ಟೆ. ಆ ಸಾಲನ್ನು ಕಣ್ಣು ಮುಚ್ಚಿ ಬಿಟ್ಟುಬಿಡಬಹುದು. ಮಿತಿಯ ಗೋಜೇ ಬೇಡವೆನ್ನುವುದಾದರೆ `mtr -T -P 443` ಎಂದು ಟಿಸಿಪಿಯಲ್ಲಿ ಓಡಿಸಿ, ಮೊದಲ ಸಾಲೂ ಸ್ವಚ್ಛವಾಗಿ ಬರುತ್ತದೆ.

ತಂತಿಮನೆ

ರೂಟರ್ ಬದಲಿಸಬೇಡಿ ಎಂಬಲ್ಲಿಯವರೆಗೆ ನನ್ನ ಸಮ್ಮತಿಯಿದೆ. "ಎಂದಿಗೂ ನಿಜವಲ್ಲ" ಎಂಬ ಮಾತಿಗೆ ಇಲ್ಲ.

ಮೊದಲು 47% ನ ವಿಚಾರ. ಎರಡನೆಯ, ನಾಲ್ಕನೆಯ, ಐದನೆಯ ಸಾಲಿಗೆ ಹೋದ ಪ್ರತಿಯೊಂದು ಪ್ಯಾಕೆಟ್ಟೂ ನಿಮ್ಮ ರೂಟರ್ ಅನ್ನು ದಾಟಿಯೇ ಹೋಗಿದೆ, ಅದರ ಉತ್ತರವೂ ಅದೇ ರೂಟರ್ ದಾಟಿಯೇ ಬಂದಿದೆ. ದಾಟಿಸುವ ಕೆಲಸದಲ್ಲಿಯೇ ರೂಟರ್ ಅರ್ಧವನ್ನು ಕಳೆಯುತ್ತಿದ್ದರೆ ಕೊನೆಯ ಸಾಲಿನಲ್ಲಿ ಕನಿಷ್ಠ ಅಷ್ಟು ನಷ್ಟವಾದರೂ ಕಾಣಿಸಬೇಕಿತ್ತು. ಅಲ್ಲಿ 200ಕ್ಕೆ ನಾಲ್ಕು ಮಾತ್ರ ಹೋಗಿವೆ. ಹಾಗಾಗಿ ಮೊದಲ ಸಾಲಿನಲ್ಲಿ ಕಾಣೆಯಾಗಿರುವುದು ಬಹುಪಾಲು ನಿಮ್ಮ ಪ್ಯಾಕೆಟ್‌ಗಳಲ್ಲ, ಅವುಗಳಿಗೆ ರೂಟರ್ ತಾನೇ ಬರೆದು ಕಳುಹಿಸಬೇಕಿದ್ದ ಉತ್ತರಗಳು. ಟಿಟಿಎಲ್ ಒಂದು ಎಂದು ಬಂದ ಪ್ಯಾಕೆಟ್ ರೂಟರ್‌ನಲ್ಲಿ ಸಾಯುತ್ತದೆ, ಅದಕ್ಕೆ ರೂಟರ್ "ಟೈಮ್ ಎಕ್ಸೀಡೆಡ್" ಎಂಬ ಸೂಚನೆಯನ್ನು ಹೊಸದಾಗಿ ತಯಾರಿಸಬೇಕು. ಪ್ಯಾಕೆಟ್ ದಾಟಿಸುವುದು ಒಂದು ಕೆಲಸ, ಈ ಸೂಚನೆ ಬರೆಯುವುದು ಬೇರೊಂದು ಕೆಲಸ, ಮತ್ತು ಎರಡನೆಯದಕ್ಕೆ ಮಾತ್ರ ಮಿತಿಯಿರುತ್ತದೆ.

ಇನ್ನು ಉಳಿದ ಸಾಲುಗಳ ಎರಡು ಮೂರು ಶೇಕಡಾ. ಒಂದೊಂದು ಸಾಲಿಗೂ ಹೋಗುವ ಪ್ಯಾಕೆಟ್‌ಗಳು ಬೇರೆ ಬೇರೆ, ಆದ್ದರಿಂದ 2.5, 3.0, 2.0 ಎಂಬ ಏರಿಳಿತದಲ್ಲಿ ಅರ್ಥ ಹುಡುಕಬೇಕಾಗಿಲ್ಲ. 200ರಲ್ಲಿ ಐದು, ಆರು, ನಾಲ್ಕು ಎಂದು ಓದಿದರೆ ಮೂರೂ ಒಂದೇ. ಆದರೆ ಎರಡನೆಯ ಸಾಲಿನಲ್ಲಿ ಶುರುವಾದದ್ದು ಗುರಿಯವರೆಗೂ ಉಳಿದುಕೊಂಡಿದೆ ಎಂಬುದು ಮುಖ್ಯ. ಅದು ನಿಜವಾದ ನಷ್ಟವಾಗಿರಬಹುದು, ಮತ್ತು ಅದು ಮೊದಲ ಹಾಪ್‌ನಲ್ಲಿಯೇ, ಎಂದರೆ ನಿಮ್ಮ ಗಣಕದಿಂದ ರೂಟರ್‌ವರೆಗಿನ ದಾರಿಯಲ್ಲಿಯೇ ಆಗಿರಲೂಬಹುದು. ಮೊದಲ ಸಾಲಿನ 47% ಒಳಗೆ ಈ 2% ಅಡಗಿ ಕುಳಿತಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಸಾಲನ್ನೇ ಕಣ್ಣು ಮುಚ್ಚಿ ಬಿಟ್ಟವರು ಇದನ್ನೂ ಬಿಟ್ಟಂತಾಗುತ್ತದೆ.

ನೀವು ವೈಫೈನಲ್ಲಿದ್ದಿರೋ ಕೇಬಲ್‌ನಲ್ಲಿದ್ದಿರೋ ಬರೆದಿಲ್ಲ. ಮೂರು ಕೆಲಸ ಮಾಡಿ ನೋಡಿ. ಕೇಬಲ್ ಹಾಕಿ ಇದೇ ಆಜ್ಞೆಯನ್ನು ಮತ್ತೆ ಓಡಿಸಿ. ಬಳಿಕ ಅಂತರವನ್ನು 0.2 ಮತ್ತು 1 ಎಂದು ಬದಲಿಸಿ, ಮೊದಲ ಸಾಲು ಮತ್ತು ಕೊನೆಯ ಸಾಲನ್ನು ಮಾತ್ರ ಬರೆದುಕೊಳ್ಳಿ. ಕೊನೆಗೆ ರೂಟರ್‌ಗೆ ನೇರವಾಗಿ ಪಿಂಗ್ ಮಾಡಿ, ವೈಫೈನಲ್ಲಿ ಒಮ್ಮೆ, ಕೇಬಲ್‌ನಲ್ಲಿ ಒಮ್ಮೆ:

```
sudo ping -i 0.2 -c 500 192.168.1.1
```

ಬೆಳಗು

ನನಗೂ ಇದೇ ತೊಂದರೆ. ನನ್ನ mtr ನಲ್ಲಿ ಮೊದಲ ಸಾಲು 100% ನಷ್ಟ, ಹೆಸರಿನ ಜಾಗದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಬರುತ್ತವೆ. ಎರಡನೆಯ ಸಾಲಿನಿಂದ ಎಲ್ಲವೂ 0.0% ಇದೆ. ನಾನು ರೂಟರ್ ಅನ್ನು ಬದಲಿಸಿಯೂ ನೋಡಿದೆ, ಕೇಬಲ್ ಬದಲಿಸಿಯೂ ನೋಡಿದೆ. ಕಚೇರಿಯ ವಿಪಿಎನ್ ಚಾಲೂ ಇರುವಾಗ ಮಾತ್ರ ಹೀಗಾಗುತ್ತದೆ.

ತಂತಿಮನೆ

ಬೆಳಗು ಅವರೇ, ನಿಮ್ಮದು ಇದೇ ತೊಂದರೆಯಲ್ಲ, ತೊಂದರೆಯೂ ಅಲ್ಲ. ವಿಪಿಎನ್ ಚಾಲೂ ಇರುವಾಗ ಮೊದಲ ಹಾಪ್ ನಿಮ್ಮ ರೂಟರ್ ಅಲ್ಲ, ಸುರಂಗದ ಆಚೆ ತುದಿಯ ಯಂತ್ರ. ಅದು ಟೈಮ್ ಎಕ್ಸೀಡೆಡ್ ಸೂಚನೆಯನ್ನೇ ಕಳುಹಿಸದಂತೆ ಅದನ್ನು ಹೊಂದಿಸಿರುವಂತಿದೆ, ಅಥವಾ ನಡುವೆ ಯಾವುದೋ ಫೈರ್‌ವಾಲ್ ಅದನ್ನು ತಡೆಯುತ್ತಿದೆ. ನಿಧಾನಿ ಅವರ ಮೂರನೆಯ ಸಾಲೂ ಇಂಥದ್ದೇ. ಪೂರ್ತಿ ಮೌನವಾಗಿರುವ ಹಾಪ್ ನಮ್ಮನ್ನು ದಾರಿ ತಪ್ಪಿಸುವುದು ಕಡಿಮೆ. ಅರ್ಧ ಮಾತಾಡುವ ಹಾಪ್‌ಗಳೇ ದಾರಿ ತಪ್ಪಿಸುವುದು.

ನಿಧಾನಿ

ಮೊದಲು ಓಡಿಸಿದ್ದು ವೈಫೈನಲ್ಲಿ, ಬರೆಯಲು ಮರೆತಿದ್ದೆ. ನಿನ್ನೆ ಸಂಜೆ, ಕರೆಗಳು ಕೆಡುವ ಹೊತ್ತಿನಲ್ಲಿಯೇ, ಕೇಬಲ್ ಹಾಕಿ ಎಲ್ಲವನ್ನೂ ಮಾಡಿದೆ.

ಅಂತರ 0.2 ಇಟ್ಟು 100 ಕಳುಹಿಸಿದಾಗ ಮೊದಲ ಸಾಲಿನಲ್ಲಿ 75.0% ನಷ್ಟ. 0.5 ಇಟ್ಟು 200 ಕಳುಹಿಸಿದಾಗ 47.5%. ಅಂತರ 1 ಇಟ್ಟು 60 ಕಳುಹಿಸಿದಾಗ 0.0%. ಮೂರು ಸಲವೂ ಕೊನೆಯ ಸಾಲು 0.0% ಆಗಿಯೇ ಇತ್ತು. ರೂಟರ್‌ಗೆ ನೇರ ಪಿಂಗ್ ಮಾಡಿದಾಗ ಕೇಬಲ್‌ನಲ್ಲಿ 500ಕ್ಕೆ 500 ಉತ್ತರ ಬಂದವು, ವೈಫೈನಲ್ಲಿ 486 ಬಂದವು. ವೈಫೈನಲ್ಲಿ ಅತಿ ತಡವಾಗಿ ಬಂದ ಉತ್ತರಕ್ಕೆ 183 ಮಿಲಿಸೆಕೆಂಡ್ ಹಿಡಿದಿತ್ತು, ಕೇಬಲ್‌ನಲ್ಲಿ ಎರಡು ಮಿಲಿಸೆಕೆಂಡ್ ಕೂಡ ದಾಟಲಿಲ್ಲ.

ಕೇಬಲ್‌ನಲ್ಲಿಯೂ ಮೊದಲ ಸಾಲು ಹಾಗೆಯೇ ಉಳಿದದ್ದನ್ನು ಕಂಡು ಮೊದಲಿಗೆ ಗಾಬರಿಯಾಯಿತು.

ತಂತಿಮನೆ

ಗಾಬರಿ ಬೇಡ, ಈ ಅಂಕಿಗಳು ಬಹಳ ಚೆನ್ನಾಗಿ ಮಾತಾಡುತ್ತಿವೆ. ಶೇಕಡಾವಾರು ನಷ್ಟವನ್ನು ಬದಿಗಿಟ್ಟು, ಬಂದ ಉತ್ತರಗಳನ್ನು ಎಣಿಸಿ. 0.2 ಅಂತರದಲ್ಲಿ ನೂರು ಕಳುಹಿಸಲು ಸುಮಾರು 20 ಸೆಕೆಂಡ್ ಬೇಕಾಯಿತು, ಬಂದದ್ದು 25 ಉತ್ತರ. 0.5 ಅಂತರದಲ್ಲಿ ಸುಮಾರು 100 ಸೆಕೆಂಡ್, ಬಂದದ್ದು 105. ಎಷ್ಟು ಬೇಗ ಬೇಗ ಕೇಳಿದರೂ ರೂಟರ್ ಸೆಕೆಂಡಿಗೆ ಒಂದೇ ಉತ್ತರ ಕೊಡುತ್ತಿದೆ, ಅದರ ಮೇಲೆ ಆರಂಭದಲ್ಲಿ ಐದಾರು ಹೆಚ್ಚಿಗೆ ಕೊಟ್ಟಿದೆ. ನಿಜವಾದ ನಷ್ಟ ಹೀಗೆ ಗಡಿಯಾರ ನೋಡಿಕೊಂಡು ಆಗುವುದಿಲ್ಲ. ನಿಜವಾದ ನಷ್ಟವಾಗಿದ್ದರೆ ಬೇಗ ಕಳುಹಿಸಿದರೂ ನಿಧಾನವಾಗಿ ಕಳುಹಿಸಿದರೂ ಹೆಚ್ಚುಕಡಿಮೆ ಅದೇ ಶೇಕಡಾ ಬರಬೇಕಿತ್ತು.

ಇದು ಲಿನಕ್ಸ್ ಕರ್ನಲ್‌ನ ಕೈಬರಹ ಎಂದು ಹೇಳಬಲ್ಲೆ, ಮನೆಯ ರೂಟರ್‌ಗಳಲ್ಲಿ ಬಹಳಷ್ಟು ಲಿನಕ್ಸ್ ಮೇಲೆಯೇ ನಡೆಯುತ್ತವೆ. ಅದರಲ್ಲಿ `net.ipv4.icmp_ratelimit` ಎಂಬುದು ಮೂಲತಃ 1000 ಆಗಿರುತ್ತದೆ, ಅಂದರೆ ಒಬ್ಬ ಕೇಳುಗನಿಗೆ ಸಾವಿರ ಮಿಲಿಸೆಕೆಂಡಿಗೆ ಒಂದು ಉತ್ತರ. ಸ್ವಲ್ಪ ಹೊತ್ತು ಯಾರೂ ಕೇಳದಿದ್ದರೆ ಆರು ಉತ್ತರಗಳವರೆಗೆ ಕೂಡಿಟ್ಟುಕೊಳ್ಳುತ್ತದೆ. ನಿಮ್ಮ ಆರಂಭದ ಐದಾರು ಹೆಚ್ಚಿಗೆ ಬಂದದ್ದು ಅಲ್ಲಿಂದ. ಯಾವ ಬಗೆಯ ಉತ್ತರಗಳಿಗೆ ಈ ಮಿತಿ ಎಂಬುದನ್ನು `icmp_ratemask` ಹೇಳುತ್ತದೆ. ಅದರ ಮೂಲ ಬೆಲೆಯಾದ 6168ರಲ್ಲಿ ಟೈಮ್ ಎಕ್ಸೀಡೆಡ್ ಸೇರಿದೆ, ಪಿಂಗ್‌ಗೆ ಕೊಡುವ ಎಕೋ ರಿಪ್ಲೈ ಸೇರಿಲ್ಲ. ಅದೇ ರೂಟರ್, ಅದೇ ಕೇಬಲ್, ಅದೇ 0.2 ಅಂತರ, ಆದರೂ ಪಿಂಗ್‌ನಲ್ಲಿ 500ಕ್ಕೆ 500 ಬಂದು mtr ನಲ್ಲಿ ಮುಕ್ಕಾಲು ಪಾಲು ಕಾಣೆಯಾಗಲು ಕಾರಣ ಇದೇ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ವೈಫೈನಲ್ಲಿ ರೂಟರ್‌ಗೆ ಮಾಡಿದ ಪಿಂಗ್‌ನಲ್ಲಿ 14 ಹೋಗಿವೆ, ಅಂದರೆ 2.8%. ಮೊದಲ ವರದಿಯಲ್ಲಿ ಕೊನೆಯವರೆಗೂ ಉಳಿದಿದ್ದ ನಷ್ಟಕ್ಕೆ ಇದು ಸರಿಯಾಗಿ ಹೊಂದುತ್ತದೆ. ವೈಫೈ ತಲುಪದ ಫ್ರೇಮನ್ನು ತಾನೇ ಮತ್ತೆ ಮತ್ತೆ ಕಳುಹಿಸುತ್ತದೆ, ಹಾಗಾಗಿ ಅದರ ಬೇನೆ ಮೊದಲು ವಿಳಂಬವಾಗಿ ಕಾಣಿಸುತ್ತದೆ, ಮರುಪ್ರಯತ್ನಗಳೂ ಸೋತ ಮೇಲೆಯೇ ನಷ್ಟವಾಗಿ ಹೊರಬರುತ್ತದೆ. ನಿಮ್ಮ 183 ಮಿಲಿಸೆಕೆಂಡ್ ಅದನ್ನೇ ಹೇಳುತ್ತಿದೆ. ನಷ್ಟ ಮೊದಲ ಹಾಪ್‌ನಲ್ಲಿಯೇ ಇದೆ ಎಂದ ಸಹಾಯವಾಣಿಯವರ ಮಾತು ಒಂದರ್ಥದಲ್ಲಿ ಸರಿಯಾಯಿತು, ಆದರೆ ಅವರು ತೋರಿಸಿದ ಅಂಕಿ ತಪ್ಪು, ಸೂಚಿಸಿದ ಮದ್ದೂ ತಪ್ಪು.

ಅಂಚೆಯಾಳು

ಒಪ್ಪಿದೆ, "ಎಂದಿಗೂ" ಎಂದದ್ದು ಹೆಚ್ಚಾಯಿತು. ಆದರೆ ಟಿಸಿಪಿ ವಿಧಾನದ ಬಗ್ಗೆ ನೀವು ಏನೂ ಹೇಳಲಿಲ್ಲ. ಮಿತಿ ಇರುವುದು ಐಸಿಎಂಪಿಗೆ. ನಾವು ಐಸಿಎಂಪಿಯನ್ನೇ ಕಳುಹಿಸದಿದ್ದರೆ ಮಿತಿ ಎಲ್ಲಿಂದ ಬರಬೇಕು? ನನ್ನ ಅನುಭವದಲ್ಲಿ -T ಹಾಕಿದಾಗ ವರದಿ ಸ್ವಚ್ಛವಾದದ್ದನ್ನು ಹಲವು ಸಲ ಕಂಡಿದ್ದೇನೆ.

ತಂತಿಮನೆ

ನಿಮ್ಮ ಅನುಭವ ಸುಳ್ಳಲ್ಲ, ಅದು ಕೊನೆಯ ಸಾಲಿನ ಅನುಭವವಾಗಿರಬೇಕು. ಗುರಿಯ ಸರ್ವರ್ ಪಿಂಗ್‌ಗೆ ಮಿತಿ ಹಾಕಿಕೊಂಡಿದ್ದರೆ -T ಹಾಕಿದಾಗ ಅದು ಪಿಂಗ್ ಉತ್ತರದ ಬದಲು ಟಿಸಿಪಿ ಉತ್ತರವನ್ನು ಕೊಡುತ್ತದೆ, ಆಗ ಆ ಸಾಲಿನ ಸುಳ್ಳು ನಷ್ಟ ಮಾಯವಾಗುತ್ತದೆ. ಕೊನೆಯ ಸಾಲನ್ನೇ ಪ್ರಮಾಣವಾಗಿ ಹಿಡಿಯುವ ನಮಗೆ ಇದು ಉಪಯೋಗದ ಪರೀಕ್ಷೆ, ಏಕೆಂದರೆ ಗುರಿಯೂ ಮಿತಿ ಹಾಕಿಕೊಂಡು ನಮ್ಮನ್ನು ಏಮಾರಿಸಬಹುದು.

ಮೊದಲ ಸಾಲಿನ ಕತೆ ಬೇರೆ. ಅಲ್ಲಿ ಸತ್ತದ್ದು ಟಿಸಿಪಿ ಪ್ಯಾಕೆಟ್ ಆದರೂ, ಯುಡಿಪಿ ಆದರೂ, ಸಾವಿನ ಸುದ್ದಿ ಐಸಿಎಂಪಿಯಲ್ಲಿಯೇ ಬರುತ್ತದೆ. ಮಿತಿ ಇರುವುದು ಹೋದ ಪ್ಯಾಕೆಟ್ಟಿಗಲ್ಲ, ಬರುವ ಸುದ್ದಿಗೆ. ನಿಧಾನಿ ಅವರು -T ಹಾಕಿ 0.5 ಅಂತರದಲ್ಲಿ ಓಡಿಸಿದರೂ ಮೊದಲ ಸಾಲಿನಲ್ಲಿ ಸೆಕೆಂಡಿಗೆ ಒಂದೇ ಉತ್ತರ ಸಿಗುತ್ತದೆ.

ಕಮ್ಮಟ

ಮಾತಿಗಿಂತ ಮಾಡಿ ನೋಡುವುದೇ ಮೇಲೆಂದು ನಾನು ರೂಟರ್ ಆಗಿ ಬಳಸುವ ಹಳೆಯ ಲಿನಕ್ಸ್ ಗಣಕದಲ್ಲಿ ಇದನ್ನೆಲ್ಲ ಪರೀಕ್ಷಿಸಿದೆ. ಎರಡೂ ಬೆಲೆಗಳು ತಂತಿಮನೆ ಅವರು ಹೇಳಿದಂತೆಯೇ ಇದ್ದವು.

```
$ sysctl net.ipv4.icmp_ratelimit net.ipv4.icmp_ratemask
net.ipv4.icmp_ratelimit = 1000
net.ipv4.icmp_ratemask = 6168
```

0.2 ಅಂತರದಲ್ಲಿ ಓಡಿಸಿದಾಗ ನನಗೂ ಮುಕ್ಕಾಲು ಪಾಲು ನಷ್ಟ ಬಂದಿತು, -T ಹಾಕಿದಾಗಲೂ ಅಷ್ಟೇ. ಬಳಿಕ ರೂಟರ್‌ನಲ್ಲಿ `sysctl -w net.ipv4.icmp_ratelimit=0` ಎಂದು ಮಿತಿಯನ್ನು ತೆಗೆದೆ. ಅದೇ ಕ್ಷಣದಿಂದ ಮೊದಲ ಸಾಲು ಸೊನ್ನೆಗೆ ಇಳಿಯಿತು, ಬೇರೆ ಯಾವ ಸಾಲೂ ಕದಲಲಿಲ್ಲ. ಪರೀಕ್ಷೆ ಮುಗಿದ ಮೇಲೆ ಮತ್ತೆ 1000ಕ್ಕೆ ತಂದಿದ್ದೇನೆ. ವರದಿ ಚೆಂದ ಕಾಣಲೆಂದು ಮಿತಿ ತೆಗೆದು ಕೂರುವುದು ನನಗೆ ಸರಿಕಾಣಲಿಲ್ಲ.

ಇನ್ನೊಂದು ವಿಚಿತ್ರ ಕಂಡೆ. ಒಂದೇ ಗಣಕದಿಂದ, ಒಂದು ಸೆಕೆಂಡಿನ ಅಂತರವಿಟ್ಟು, ಎರಡು mtr ಗಳನ್ನು ಬೇರೆ ಬೇರೆ ಗುರಿಗಳಿಗೆ ಒಟ್ಟಿಗೆ ಓಡಿಸಿದೆ, ತಲಾ 60 ಪ್ಯಾಕೆಟ್. ಇಬ್ಬರಿಗೂ ಅರ್ಧರ್ಧ ಸಿಗುತ್ತದೆ ಎಂದುಕೊಂಡಿದ್ದೆ. ಒಂದರ ಮೊದಲ ಸಾಲಿನಲ್ಲಿ 8.3%, ಇನ್ನೊಂದರಲ್ಲಿ 83.3% ನಷ್ಟ ಬಂದಿತು. ಅದೇ ಎರಡು mtr ಗಳನ್ನು ಎರಡು ಗಣಕಗಳಿಂದ ಓಡಿಸಿದಾಗ ಎರಡೂ ಸೊನ್ನೆ.

ತಂತಿಮನೆ

ಸೊಗಸಾದ ಪರೀಕ್ಷೆ. ಮಿತಿ ಇರುವುದು ಕೇಳುಗನ ಐಪಿ ವಿಳಾಸಕ್ಕೆ, mtr ಗೆ ಅಲ್ಲ. ಹಾಗಾಗಿ ಒಂದು ಗಣಕದ ಎರಡು mtr ಗಳು ಒಂದೇ ಪಾತ್ರೆಯಿಂದ ತೋಡಿಕೊಳ್ಳುತ್ತವೆ, ಎರಡು ಗಣಕಗಳಿಗೆ ಎರಡು ಪಾತ್ರೆ. ಎರಡೂ ಸೇರಿ ನಿಮಗೆ ಬಂದ ಉತ್ತರಗಳು 55 ಮತ್ತು 10, ಒಟ್ಟು 65. ಒಂದು ನಿಮಿಷಕ್ಕೆ ಬರಬೇಕಾದದ್ದೂ ಅಷ್ಟೇ. ಪಾಲು ಸಮವಾಗದೆ ಹೋದದ್ದು ಗತಿಯ ಆಟ. ಪಾತ್ರೆಯಲ್ಲಿ ಸೆಕೆಂಡಿಗೊಂದು ಹನಿ ತುಂಬುತ್ತದೆ, ಅದು ತುಂಬಿದ ಕ್ಷಣಕ್ಕೆ ಯಾರು ಬಂದರೋ ಅವರು ಕೊಂಡುಹೋಗುತ್ತಾರೆ, ಮರುಸೆಕೆಂಡಿಗೂ ಅದೇ ಹೊತ್ತಿಗೆ ಅವರೇ ಬರುತ್ತಾರೆ. ತುಸು ತಡವಾಗಿ ಬರುವವನಿಗೆ ಪ್ರತಿ ಸಲವೂ ಖಾಲಿ ಪಾತ್ರೆ. ಎರಡು ಕಿಟಕಿಗಳಲ್ಲಿ mtr ತೆರೆದಿಟ್ಟುಕೊಂಡು, "ಈ ಸರ್ವರ್‌ಗೆ ಹೋಗುವಾಗ ಮಾತ್ರ ನನ್ನ ರೂಟರ್ ಪ್ಯಾಕೆಟ್ ಕಳೆಯುತ್ತದೆ" ಎಂದು ದೂರುವವರ ರಹಸ್ಯ ಎಷ್ಟೋ ಸಲ ಇದೇ ಆಗಿರುತ್ತದೆ.

ಬೆಳಗು

ನನ್ನ ಹಿಂದಿನ ಪ್ರಶ್ನೆಗೆ ಉತ್ತರ ಸಿಕ್ಕಿತು, ಧನ್ಯವಾದ. ಹಾಗಾದರೆ ವಿಪಿಎನ್ ತೆಗೆದಾಗ ನನಗೆ ಮೊದಲ ಸಾಲಿನಲ್ಲಿ 8% ಬರುವುದನ್ನೂ ಬಿಟ್ಟುಬಿಡಬಹುದು ಎಂದಾಯಿತು. ಎರಡನೆಯದರಿಂದ ಕೊನೆಯವರೆಗೆ 7, 9, 8 ಹೀಗೆ ಬರುತ್ತದೆ. ಅಂತರ ಒಂದು ಸೆಕೆಂಡ್, 300 ಪ್ಯಾಕೆಟ್, ಬೇರೆ mtr ಯಾವುದೂ ಓಡುತ್ತಿರಲಿಲ್ಲ.

ಅಂಚೆಯಾಳು

ಬಿಡಬೇಡಿ ಎನ್ನುವ ಸರದಿ ಈಗ ನನ್ನದು. ನಿಮ್ಮ ಮೊದಲ ಸಾಲಿನ ನಷ್ಟ ಕೊನೆಯ ಸಾಲಿನವರೆಗೂ ಅಷ್ಟೇ ಇದೆ, ಮಿತಿಯಿಂದಾದದ್ದು ಹಾಗೆ ಮುಂದಕ್ಕೆ ಹರಿಯುವುದಿಲ್ಲ. ರೂಟರ್‌ಗೆ ಪಿಂಗ್ ಮಾಡಿ ನೋಡಿ; ಅಲ್ಲಿಯೂ 8% ಬಂದರೆ ಗಣಕ ಮತ್ತು ರೂಟರ್ ನಡುವೆಯೇ ಹೋಗುತ್ತಿದೆ. ಕೇಬಲ್ ಬದಲಿಸಿದೆ ಎಂದಿದ್ದೀರಿ. ಅದನ್ನು ರೂಟರ್‌ನ ಬೇರೊಂದು ಪೋರ್ಟ್‌ಗೆ ಹಾಕಿಯೂ ನೋಡಿ.

ನಿಧಾನಿ

ಗಣಕವನ್ನು 2.4 ಗಿಗಾಹರ್ಟ್ಸ್ ವೈಫೈನಿಂದ 5ಕ್ಕೆ ಬದಲಿಸಿ ಮೂರು ಸಂಜೆಗಳಾದವು. ರೂಟರ್‌ಗೆ ಪಿಂಗ್ ಮಾಡಿದರೆ 500ರಲ್ಲಿ ಒಂದೂ ಹೋಗುತ್ತಿಲ್ಲ, ಕರೆಗಳಲ್ಲಿ ಧ್ವನಿ ತುಂಡಾಗಿಲ್ಲ. ಅದೇ ಹಳೆಯ ರೂಟರ್.

ಆದರೆ ಒಂದು ಮುಳ್ಳು ಉಳಿದಿದೆ. ನಿನ್ನೆ ಕೇಬಲ್‌ನಲ್ಲಿ, ಒಂದು ಸೆಕೆಂಡಿನ ಅಂತರವಿಟ್ಟು 300 ಕಳುಹಿಸಿದಾಗ ಮೊದಲ ಸಾಲಿನಲ್ಲಿ 11.0% ನಷ್ಟ ತೋರಿಸಿತು. ಕೊನೆಯ ಸಾಲು 0.0%. ಸೆಕೆಂಡಿಗೆ ಒಂದು ಕೇಳಿದರೆ ಮಿತಿಯೊಳಗೇ ಇರಬೇಕಲ್ಲವೇ? ಕಳೆದ ವಾರ 60 ಕಳುಹಿಸಿದಾಗ ಒಂದೂ ಹೋಗಿರಲಿಲ್ಲ.

ತಂತಿಮನೆ

ಮೊದಲ ಅನುಮಾನ, ನಿಮ್ಮ ಗಣಕದಲ್ಲಿಯೇ ಬೇರೇನೋ ಅದೇ ಪಾತ್ರೆಗೆ ಕೈ ಹಾಕುತ್ತಿದೆ ಎಂಬುದು. ಸೆಕೆಂಡಿಗೆ ಸರಿಯಾಗಿ ಒಂದು ಕೇಳುತ್ತಿರುವಾಗ ಪಾತ್ರೆ ಮತ್ತೆ ತುಂಬಿಕೊಳ್ಳಲು ಬಿಡುವೇ ಇರುವುದಿಲ್ಲ, ಆದ್ದರಿಂದ ಹಿನ್ನೆಲೆಯಲ್ಲಿ ಯಾವುದಾದರೂ ನಿಗಾ ಸ್ಕ್ರಿಪ್ಟ್ ಆಗಾಗ ಟ್ರೇಸ್‌ರೂಟ್ ಮಾಡುತ್ತಿದ್ದರೆ ಕೂಡಿಟ್ಟ ಆರು ಮುಗಿದ ಬಳಿಕ ನಷ್ಟ ಕಾಣಿಸತೊಡಗುತ್ತದೆ. mtr ಓಡುತ್ತಿರುವಾಗ ಇನ್ನೊಂದು ಕಿಟಕಿಯಲ್ಲಿ ಇದನ್ನು ಹಾಕಿ, ನಿಮ್ಮ ಇಂಟರ್‌ಫೇಸ್‌ನ ಹೆಸರು ಬೇರೆಯಿದ್ದರೆ ಬದಲಿಸಿಕೊಳ್ಳಿ:

```
sudo tcpdump -n -i eth0 'icmp[icmptype] == icmp-timxceed and src host 192.168.1.1'
```

ರೂಟರ್‌ನಿಂದ ಬಂದ ಪ್ರತಿಯೊಂದು ಟೈಮ್ ಎಕ್ಸೀಡೆಡ್ ಸೂಚನೆಯೂ ಸಮಯದ ಜೊತೆಗೆ ಕಾಣಿಸುತ್ತದೆ. ನಿಮ್ಮ mtr ನದ್ದಲ್ಲದ ಸಾಲುಗಳಿವೆಯೇ, ಕಾಣೆಯಾದವು ಸಮ ಅಂತರದಲ್ಲಿವೆಯೇ, ಎರಡನ್ನೂ ನೋಡಿ.

ನಿಧಾನಿ

ಇಂದು ಮತ್ತೆ 300 ಕಳುಹಿಸಿ ನೋಡಿದೆ. tcpdump ನಲ್ಲಿ 271 ಸಾಲುಗಳು ಬಂದವು, ಎಲ್ಲವೂ mtr ಗೆ ಬಂದ ಉತ್ತರಗಳೇ. ಬೇರೆಯದು ಒಂದೂ ಇಲ್ಲ. ಕಾಣೆಯಾದ 29 ಸಮ ಅಂತರದಲ್ಲಿಲ್ಲ. ಮೂರು ನಾಲ್ಕು ಸೆಕೆಂಡ್ ಒಟ್ಟಿಗೆ ಏನೂ ಬರುವುದಿಲ್ಲ, ಬಳಿಕ ಅರ್ಧ ನಿಮಿಷ ಸರಿಯಾಗಿ ಬರುತ್ತದೆ, ಮತ್ತೆ ಒಂದು ಖಾಲಿ ಜಾಗ. ಆ ಖಾಲಿ ಸೆಕೆಂಡುಗಳಲ್ಲಿಯೂ ಕೊನೆಯ ಸಾಲಿನ ಉತ್ತರಗಳು ಒಂದೂ ತಪ್ಪಿಲ್ಲ.

ತಂತಿಮನೆ

ಹಾಗಿದ್ದರೆ ನಾನು ಹೇಳಿದ ಪಾತ್ರೆಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಪಾತ್ರೆ ಖಾಲಿಯಾಗಿದ್ದರೆ ಒಂದೊಂದೇ ತಪ್ಪಬೇಕಿತ್ತು. ನಾಲ್ಕು ಸೆಕೆಂಡ್ ಸುಮ್ಮನಿದ್ದ ಪಾತ್ರೆಯಲ್ಲಿ ನಾಲ್ಕು ಉತ್ತರ ಕೂಡಿರುತ್ತವೆ, ಆಮೇಲೂ ಅದು ಕೊಡದಿರಲು ಕಾರಣವಿಲ್ಲ. ರೂಟರ್‌ನ ಸಿಪಿಯು ಬೇರೇನೋ ಕೆಲಸದಲ್ಲಿ ಮುಳುಗಿ ಸೂಚನೆ ಬರೆಯುವುದನ್ನು ಬಿಡುತ್ತಿರಬಹುದು, ದಾಟಿಸುವ ಕೆಲಸ ಹಾರ್ಡ್‌ವೇರ್‌ನಲ್ಲಿ ನಡೆಯುತ್ತಿದ್ದರೆ ಅದಕ್ಕೆ ಪೆಟ್ಟು ಬೀಳದೆಯೂ ಇರಬಹುದು. ಅದು ಹೌದಾದರೆ ಆ ಖಾಲಿ ಸೆಕೆಂಡುಗಳಲ್ಲಿ ರೂಟರ್‌ಗೆ ಮಾಡಿದ ಪಿಂಗ್ ಕೂಡ ತಪ್ಪಬೇಕು ಅಥವಾ ತಡವಾಗಬೇಕು. ಎರಡನ್ನೂ ಒಟ್ಟಿಗೆ ಓಡಿಸಿ, ಪಿಂಗ್‌ಗೆ `-D` ಸೇರಿಸಿ ಸಮಯವನ್ನು ಹೋಲಿಸಿ ನೋಡಿ.

ಕಮ್ಮಟ

ನನ್ನ ಲಿನಕ್ಸ್ ರೂಟರ್‌ನಲ್ಲಿ ಸಿಪಿಯು ಪೂರ್ತಿ ತುಂಬುವಂತೆ ಮಾಡಿ ಈಗಷ್ಟೇ ಓಡಿಸಿದೆ. ಮೊದಲ ಸಾಲಿನ Wrst ಏರಿತು, ಆದರೆ ನಷ್ಟ ಸೊನ್ನೆಯಲ್ಲಿಯೇ ಇತ್ತು. ನನ್ನದರಲ್ಲಿ ಹಾರ್ಡ್‌ವೇರ್ ದಾಟಿಸುವಿಕೆ ಇಲ್ಲ, ಆದ್ದರಿಂದ ಇದನ್ನು ನಿಮ್ಮ ರೂಟರ್‌ಗೆ ಹೋಲಿಸಲು ಬರುವುದಿಲ್ಲ.

ನಿಧಾನಿ

ನಾಳೆ ಸಂಜೆ `-D` ಹಾಕಿ ಪಿಂಗ್ ಮತ್ತು mtr ಎರಡನ್ನೂ ಒಟ್ಟಿಗೆ ಓಡಿಸಿ, ಖಾಲಿ ಸೆಕೆಂಡುಗಳನ್ನು ಇಲ್ಲಿಯೇ ಹಾಕುತ್ತೇನೆ.